ಪಕ್ಕಾ ಸಾಹೇಬರ ಅಕ್ಕನ ಬೆನ್ನುನೀರು

ನಮ್ಮ ಆಸ್ಪತ್ರೆಯ ಲ್ಯಾಬಿನ ಮುಖ್ಯಸ್ಥರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬರುತ್ತಿರಲಿಲ್ಲ. ವಾರ್ಡಿಗೆ ಫೋನಿನಲ್ಲಿ ರಿಪೋರ್ಟ್ ಹೇಳಿ, ಕೊನೆಗೆ "ಪಕ್ಕಾ" ಎಂದು ಮೊಳೆ ಹೊಡೆದ ಹಾಗೆ ಹೇಳಿ ಇಡುತ್ತಿದ್ದರು. ಹಾಗಾಗಿ ಡಾಕ್ಟರಿಂದ ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವರು ಪಕ್ಕಾ ಸಾಹೇಬರು. ನಾನು ಅವರ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿತವಳು. ಕಲಿಸಿದ್ದು ಚೆನ್ನಾಗಿಯೇ. ಅದನ್ನು ಇಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೆ ಮನುಷ್ಯನ ಕಾಲು ಮಾತ್ರ ನೆಲದ ಮೇಲೆ ಇರುತ್ತಿರಲಿಲ್ಲ.

ಅವರ ಅಕ್ಕ ಅದೇ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ, ಕಿವಿಗೆ ಹಾಕಿಕೊಳ್ಳುವ ಯಂತ್ರ, ಎದುರಿಗೆ ಗೋಡೆ. ಅಷ್ಟೇ ಆಕೆಯ ಪ್ರಪಂಚ. ಆದರೆ "ಹಲೋ" ಅಂದ ಕೂಡಲೇ ಯಾರೆಂದು ಹೇಳಿಬಿಡುತ್ತಿದ್ದರು. "ಏನಮ್ಮ, ಮೂಗು ಕಟ್ಟಿದ್ಯಾ? ಬಿಸಿನೀರು ಕುಡಿ," ಅಂತ ನನಗೆ ಎಷ್ಟು ಸಲ ಹೇಳಿದ್ದರೋ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿದ್ದು ಈ ಕೆಲಸದಿಂದಲೇ. ಮದುವೆ ಆಗಲಿಲ್ಲ. ಕೇಳಿದರೆ, "ದಿನಾ ಸಾವಿರ ಜನದ ಮಾತು ಕೇಳ್ತೀನಿ, ಮನೇಲೂ ಒಬ್ಬಂದು ಯಾಕೆ?" ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು. ತಿಂಗಳಿಗೊಮ್ಮೆ ತಮ್ಮನೇ ರಕ್ತ ತೆಗೆದು ನೋಡಿ, ಸಿಹಿ ತಿಂದದ್ದಕ್ಕೆ ಬೈಯುತ್ತಿದ್ದರು.

ಬೆನ್ನುನೀರಿನ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮಿದುಳಿನ ಪೊರೆಗೆ ಸೋಂಕು ತಗುಲಿದೆ ಎಂಬ ಅನುಮಾನ ಬಂದರೆ ಸೊಂಟದ ಹತ್ತಿರ ಸೂಜಿ ಹಾಕಿ, ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನಮಗೆ ಕಳಿಸುತ್ತಾರೆ. ಬ್ಯಾಕ್ಟೀರಿಯಾ ಆದರೆ ಸಾಮಾನ್ಯವಾಗಿ ನೀರು ಮಬ್ಬಾಗಿರುತ್ತದೆ, ಬಿಳಿ ಕಣಗಳು ಸಾವಿರಗಟ್ಟಲೆ, ಅದರಲ್ಲೂ ನ್ಯೂಟ್ರೋಫಿಲ್ ಎಂಬ ಜಾತಿಯವೇ ಹೆಚ್ಚು. ಪ್ರೋಟೀನ್ ಏರಿರುತ್ತದೆ, ಗ್ಲೂಕೋಸ್ ಇಳಿದಿರುತ್ತದೆ. ವೈರಸ್ ಆದರೆ ನೀರು ತಿಳಿ, ಕಣಗಳು ಕೆಲವು ನೂರು, ಬಹುಪಾಲು ಲಿಂಫೋಸೈಟ್ ಎಂಬ ಇನ್ನೊಂದು ಜಾತಿಯವು. ಪ್ರೋಟೀನ್ ಸ್ವಲ್ಪ ಹೆಚ್ಚು, ಗ್ಲೂಕೋಸ್ ಇದ್ದ ಹಾಗೇ. ವೈರಸ್ ಬಹುಮಟ್ಟಿಗೆ ತಾನಾಗಿ ಹೋಗುತ್ತದೆ. ಬ್ಯಾಕ್ಟೀರಿಯಾಕ್ಕೆ ತಕ್ಷಣ ಔಷಧ ಬೀಳದಿದ್ದರೆ ಜೀವವನ್ನೋ ಕಿವಿಯನ್ನೋ ಮಿದುಳನ್ನೋ ತೆಗೆದುಕೊಂಡು ಹೋಗುತ್ತದೆ.

ಇಷ್ಟರಲ್ಲಿ ಒಂದು ಕೊಕ್ಕೆ ಇದೆ. ಬೆನ್ನುನೀರಿನ ಗ್ಲೂಕೋಸನ್ನು ಒಂಟಿಯಾಗಿ ನೋಡಬಾರದು. ಅದು ರಕ್ತದ ಸಕ್ಕರೆಯ ಸುಮಾರು ಮೂರರಲ್ಲಿ ಎರಡು ಪಾಲು ಇರಬೇಕು. ಅದಕ್ಕೇ ಅದೇ ಹೊತ್ತಿಗೆ ರಕ್ತವನ್ನೂ ತೆಗೆದು ಕಳಿಸುವ ಪದ್ಧತಿ. ಪಕ್ಕಾ ಸಾಹೇಬರಿಗೆ ಆ ಎರಡನೇ ಕೊಳವೆ ಕಂಡರೆ ಮೈ ಉರಿಯುತ್ತಿತ್ತು. "ನೀರು ಕಳ್ಸಿ ಅಂದ್ರೆ ರಕ್ತಾನೂ ಕಳಿಸ್ತಾರೆ. ಜೋಡಿ ಮಾಡಿ ಮದುವೆ ಮಾಡಿಸ್ಲಾ?" ಎಂದು ನರ್ಸುಗಳನ್ನು ಅಳಿಸುತ್ತಿದ್ದರು. ಡಾಕ್ಟರು ಬಾಯಿಬಿಟ್ಟು ಕೇಳಿದರೆ ಮಾತ್ರ ಅದನ್ನು ಯಂತ್ರಕ್ಕೆ ಹಾಕುವುದು. ಇಲ್ಲದಿದ್ದರೆ ಅದು ಸ್ಟ್ಯಾಂಡಿನಲ್ಲೇ ಕೂತಿರುತ್ತಿತ್ತು.

ಒಂದು ವಾರ ಅಕ್ಕನಿಗೆ ಕಿವಿನೋವು, ಜ್ವರ. ಡಾಕ್ಟರಿಗೆ ತೋರಿಸುವುದು ಬಿಟ್ಟು ತಮ್ಮನೇ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ಮಾತ್ರೆ ತಂದು ನುಂಗಿಸಿದರು. ನೋವು ಕಡಿಮೆಯಾಯಿತು, ಜ್ವರ ಹೋಗಲಿಲ್ಲ. ಆಮೇಲೆ ತಲೆನೋವು, ವಾಂತಿ, ಕುತ್ತಿಗೆ ಬಗ್ಗುತ್ತಿಲ್ಲ. ವಾರ್ಡಿನ ಡಾಕ್ಟರಮ್ಮ ಬೆನ್ನುನೀರು ತೆಗೆದು, ಆಂಟಿಬಯೋಟಿಕ್ ಇಂಜೆಕ್ಷನ್ ಶುರು ಮಾಡಿ, ಎರಡೂ ಕೊಳವೆಗಳನ್ನು ಕಳಿಸಿದರು.

ನಾನು ನೋಡುತ್ತೇನೆ ಎಂದೆ. "ನಮ್ಮಕ್ಕನ ನೀರು, ನಾನೇ ನೋಡ್ತೀನಿ," ಎಂದರು. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಚ್ಚುಕಮ್ಮಿ ತಿಳಿ. ಕಣಗಳು ನಾನೂರು, ಲಿಂಫೋಸೈಟ್‌ಗಳೇ ಮುಂದು. ಬಣ್ಣ ಹಾಕಿದ ಸ್ಲೈಡಿನಲ್ಲಿ ಒಂದು ಬ್ಯಾಕ್ಟೀರಿಯಾವೂ ಇಲ್ಲ. ಪ್ರೋಟೀನ್ ನೂರ ಮೂವತ್ತು, ವೈರಸ್‌ಗೆ ಜಾಸ್ತಿಯೇ. ಗ್ಲೂಕೋಸ್ ಎಪ್ಪತ್ತು. ಪುಸ್ತಕದ ಪ್ರಕಾರ ಬೊಂಬಾಟ್.

ತಾವೇ ನುಂಗಿಸಿದ ಮಾತ್ರೆ ಕಣಗಳ ಲೆಕ್ಕವನ್ನು ಬದಲಿಸಬಹುದು, ಸ್ಲೈಡನ್ನು ಖಾಲಿ ಮಾಡಬಹುದು ಎಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲವೆ? ನನಗೆ ಅದನ್ನು ಕಲಿಸಿದ್ದೇ ಅವರು.

ಫೋನ್ ಎತ್ತಿದರು. ಅಕ್ಕನ ಜಾಗದಲ್ಲಿ ಕೂತಿದ್ದ ಹೊಸಬ ಎರಡು ಸಲ ತಪ್ಪು ವಾರ್ಡಿಗೆ ಕೊಟ್ಟ. ಮೂರನೇ ಸಲ ಸರಿಯಾದ ವಾರ್ಡು ಸಿಕ್ಕಾಗ ಅಂಕಿಗಳನ್ನೆಲ್ಲ ಓದಿ ಹೇಳಿದರು.

"ಡಾಕ್ಟರಮ್ಮ, ವೈರಲ್ಲು."

"ಪ್ರೋಟೀನ್ ಜಾಸ್ತಿ ಇದೆಯಲ್ಲ ಸಾಹೇಬ್ರೆ?"

"ಅಕ್ಕಂಗೆ ಸಕ್ಕರೆ ಕಾಯಿಲೆ ಅಲ್ವಾ, ಅವ್ರಿಗೆ ಪ್ರೋಟೀನ್ ಹೆಚ್ಚೇ ಇರತ್ತೆ. ಗ್ಲೂಕೋಸ್ ನೋಡಿ, ಎಪ್ಪತ್ತು. ಆ ಇಂಜೆಕ್ಷನ್ ಸುಮ್ನೆ ಚುಚ್ಬೇಡಿ. ಪಕ್ಕಾ."

ಪ್ರೋಟೀನಿಗೆ ಅಕ್ಕನ ಸಕ್ಕರೆ ಕಾಯಿಲೆ ನೆನಪಾಯಿತು. ಗ್ಲೂಕೋಸಿಗೆ ನೆನಪಾಗಲಿಲ್ಲ. ಇವತ್ತಿಗೂ ನೆನೆದರೆ ನನಗೆ ಸಿಟ್ಟು ಉಕ್ಕುತ್ತದೆ. ಡಾಕ್ಟರಮ್ಮ ಇಂಜೆಕ್ಷನ್ ನಿಲ್ಲಿಸಿದರು. ರಕ್ತದ ಕೊಳವೆ ಸ್ಟ್ಯಾಂಡಿನಲ್ಲೇ ಉಳಿಯಿತು.

ಮರುದಿನ ಕರೆದರೂ ಅಕ್ಕ ಕಣ್ಣು ಬಿಡುತ್ತಿರಲಿಲ್ಲ. ಡಾಕ್ಟರಮ್ಮ ಓಡಿಬಂದು ಲ್ಯಾಬಿನ ಬಾಗಿಲಲ್ಲೇ ನಿಂತು ಕೇಳಿದರು: "ನೀರು ತೆಗ್ದಾಗ ರಕ್ತದ ಸಕ್ಕರೆ ಎಷ್ಟಿತ್ತು?"

ಪಕ್ಕಾ ಸಾಹೇಬರು ಸ್ಟ್ಯಾಂಡಿನಿಂದ ಆ ಕೊಳವೆ ತೆಗೆದು ಯಂತ್ರಕ್ಕೆ ಹಾಕಿದರು. ಸಕ್ಕರೆ ಕರಗಿಹೋಗದಂತೆ ಪುಡಿ ಹಾಕಿದ ಕೊಳವೆ, ಮರುದಿನವೂ ನಿಜವನ್ನೇ ಹೇಳುತ್ತದೆ. ಯಂತ್ರ ತೋರಿಸಿತು: ಮುನ್ನೂರ ಹನ್ನೆರಡು. ಅಂದರೆ ಆ ಎಪ್ಪತ್ತು ಇನ್ನೂರರ ಹತ್ತಿರ ಇರಬೇಕಿತ್ತು. ಅದು ಸರಿಯಾದ ಗ್ಲೂಕೋಸ್ ಅಲ್ಲ, ಪಾತಾಳಕ್ಕೆ ಇಳಿದ ಗ್ಲೂಕೋಸ್.

"ಬ್ಯಾಕ್ಟೀರಿಯಾ," ಎಂದರು. ಪಕ್ಕಾ ಎನ್ನಲಿಲ್ಲ.

ಇಂಜೆಕ್ಷನ್ ಮತ್ತೆ ಶುರುವಾಯಿತು. ಅಕ್ಕ ಉಳಿದರು. ಎರಡೂ ಕಿವಿಗಳು ಉಳಿಯಲಿಲ್ಲ. ಎಚ್ಚರವಾದಾಗ ಆಕೆ ಮೊದಲು ಕೇಳಿದ್ದು, "ಯಾಕೆ ಎಲ್ರೂ ಪಿಸುಗುಟ್ತಿದ್ದೀರಾ?"

ಡಾಕ್ಟರಮ್ಮ ನಡೆದದ್ದನ್ನು ಯಾರಿಗೂ ಹೇಳಲಿಲ್ಲ, ಇಂಜೆಕ್ಷನ್ ನಿಲ್ಲಿಸಿದ ಕೈ ಅವರದೇ. ರೋಗಾಣು ಬೆಳೆಸಿ ನೋಡುವ ಕಲ್ಚರಿನಲ್ಲೂ ಏನೂ ಬೆಳೆಯಲಿಲ್ಲ, ಮಾತ್ರೆ ಅದನ್ನೂ ಮುಚ್ಚಿಹಾಕಿತ್ತು. ವಾರ್ಡಿನಲ್ಲಿ ಮಾತ್ರ ಒಂದು ಕಥೆ ಹುಟ್ಟಿತು: ತಮ್ಮನೇ ಹಳೇ ರಕ್ತ ಹುಡುಕಿ ತೆಗೆದು ಅಕ್ಕನ ಜೀವ ಉಳಿಸಿದ. ಯಾರೋ ಅದನ್ನು ಬರೆದು ಆಕೆಗೆ ತೋರಿಸಿದರು. ತಮ್ಮ ಅಲ್ಲಗಳೆಯಲಿಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಅಕ್ಕ ನನಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದರು. ಮೇಜಿನ ಮೇಲೆ ಮಕ್ಕಳ ಸ್ಲೇಟು, ಬಳಪ. ಆ ಮನೆಯ ಮಾತೆಲ್ಲ ಈಗ ಅದರಲ್ಲೇ. ಪಕ್ಕಾ ಸಾಹೇಬರು ಅಕ್ಕನ ಬೆನ್ನನ್ನೇ ನೋಡುತ್ತಾ, ಮಾಮೂಲಿ ದನಿಯಲ್ಲಿ ಹೇಳಿದರು:

"ಅಕ್ಕ, ನಿನ್ನ ಕಿವಿ ಕಳೆದವ್ನು ನಾನು. ಆ ಕೊಳವೆ ನನ್ನ ಕೈಯಳತೇಲೇ ಇತ್ತು."

ನಾನು ಗಾಬರಿಯಿಂದ ನೋಡಿದೆ.

"ದಿನಾ ಹೇಳ್ತೀನಮ್ಮ," ಎಂದರು ನನಗೆ. "ಹೇಳಿದ್ರೆ ಮನಸ್ಸು ಹಗುರ ಆಗತ್ತೆ."

ಎಂಥ ಜನ್ಮವಪ್ಪ ಎನಿಸಿತು. ಅಷ್ಟರಲ್ಲಿ ಅಕ್ಕ ಲೋಟ ಹಿಡಿದು ಈ ಕಡೆ ತಿರುಗಿದರು. ನನ್ನನ್ನು ಕಂಡು ಮುಖ ಅರಳಿತು. ತಮ್ಮದೇ ದನಿ ತಮಗೆ ಕೇಳಿಸದ್ದರಿಂದ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಇವನಿಲ್ದಿದ್ರೆ ನಾನು ಮಣ್ಣಾಗಿ ಹೋಗಿರ್ತಿದ್ದೆ ಕಣಮ್ಮ! ಲ್ಯಾಬಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ನನ್ನ ಕಾಯ್ಲೆ ಸಿಗ್ತಿತ್ತೇನು?" ಆಮೇಲೆ ಸ್ಲೇಟನ್ನು ತಮ್ಮನ ಮುಂದೆ ತಳ್ಳಿ, "ನೀನೇ ಹೇಳೋ, ಸಿಗ್ತಿತ್ತಾ?"

ಅವರು ನನ್ನ ಕಡೆ ನೋಡಲಿಲ್ಲ. ಬಳಪ ತೆಗೆದುಕೊಂಡು, "ಇಲ್ಲ. ಪಕ್ಕಾ," ಎಂದು ಬರೆದರು.

ಅಕ್ಕ ಓದಿ ಜೋರಾಗಿ ನಕ್ಕರು. ಅಂಗೈಯಿಂದ ಸ್ಲೇಟು ಒರೆಸಿ, ಅದೇ ಬಿಳಿಯ ಕೈಯಿಂದ ತಮ್ಮನ ತಲೆ ಸವರಿದರು.