ಗಾದ್ರಮ್ಮ ಸಿಸ್ಟರ್ ಹೇಳಿಕೊಳ್ಳದ ಲೆಕ್ಕ

ಗಾದ್ರಮ್ಮ ಸಿಸ್ಟರ್ ಜಗಳೂರು ಕಡೆಯವರು. ನಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ನಾಲ್ಕು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು, ಒಬ್ಬ ತಾಯಿಯೂ ಅವರ ಕೈಯಲ್ಲಿ ಸತ್ತಿರಲಿಲ್ಲ. ಹಳೇ ರಿಜಿಸ್ಟರ್‌ಗಳನ್ನೆಲ್ಲ ತಿರುವಿ ಹಾಕಿ ಅದನ್ನು ಕಂಡುಕೊಂಡವಳು ನಾನು, ಅವರ ಕೈಕೆಳಗಿನ ನರ್ಸು ಮಮತಾ. ಅವರು ಹೇಳಿಕೊಳ್ಳುತ್ತಿರಲಿಲ್ಲ. ಬದುಕಿದ ಬಾಣಂತಿಯರನ್ನು ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆ ಎಂದು ನಮ್ಮ ವಾರ್ಡಿನಲ್ಲಿ ಎಲ್ಲರೂ ನಂಬಿದ್ದೆವು.

ಬಾಣಂತಿಯರ ಸಾವು ತಡೆಯುವ ಬಗ್ಗೆ ದಾವಣಗೆರೆಯಲ್ಲಿ ಒಂದು ಸಮ್ಮೇಳನ ನಡೆಯಿತು. ಅಲ್ಲಿ ಒಪ್ಪಿದ ಶಿಫಾರಸು ನೇರ ಸರ್ಕಾರಕ್ಕೆ ಹೋಗುವುದಿತ್ತು. ವೇದಿಕೆಯ ಚರ್ಚೆಗೆ ಸಿಸ್ಟರನ್ನೂ ಕರೆದಿದ್ದರು. ನಮಗೆ ಬೇಕಾಗಿದ್ದುದು ಒಂದೇ: ಪ್ರತಿ ಪಾಳಿಗೆ ಇಬ್ಬರು ನರ್ಸು.

"ಸಿಸ್ಟರ್, ದೃಷ್ಟಿ ಆದ್ರೂ ಆಗ್ಲಿ, ಪರಿಚಯದಾಗ ನಿಮ್ ಲೆಕ್ಕ ಹೇಳ್ರಿ. ಆಗ್ಲೇ ನಮ್ ಮಾತಿಗೆ ಬೆಲೆ ಬರಾದು" ಎಂದೆ.

"ನಂದು ನಾನೇ ಹೊಗಳ್ಕಳಾಕೆ ನಾಚ್ಕೆ ಆಗ್ತೈತೆ ಮಮತಾ. ಕೆಲ್ಸ ನೋಡಿ ತಿಳ್ಕಂತಾರೆ ಬಿಡು."

ಯಾರು ನೋಡಿದ್ದರು? ವೇದಿಕೆಯಲ್ಲಿ ಮೊದಲು ಮಾತಾಡಿದ ಪ್ರೊಫೆಸರ್ ತಮ್ಮ ಪ್ರಶಸ್ತಿ, ವಿದೇಶ ಪ್ರವಾಸಗಳನ್ನೇ ಐದು ನಿಮಿಷ ಹೇಳಿದರು. ಸಿಸ್ಟರ್ ಎದ್ದು ಕೈಮುಗಿದರು. "ನಾನು ಗಾದ್ರಮ್ಮ, ಸಾಮಾನ್ಯ ನರ್ಸು. ಹೇಳ್ಕಳಂಥದ್ದು ಏನೂ ಇಲ್ಲ. ದೊಡ್ಡೋರ ಮುಂದೆ ಕುಂದ್ರಾಕೆ ಕರೆದ್ರಲ್ಲ, ಅದೇ ಹೆಚ್ಚು."

ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಮೈಯುರಿಯಿತು.

ಆಮೇಲೆ ಅವರು ಹೇಳಬೇಕಾದ್ದನ್ನು ಸರಿಯಾಗಿಯೇ ಹೇಳಿದರು. ಹೆರಿಗೆಯಾದ ಮೇಲೆ ಎರಡು ತಾಸಿನವರೆಗೆ ಕಾಲು ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ, ರಕ್ತಸ್ರಾವ ನೋಡಬೇಕು. ಅಷ್ಟರಲ್ಲಿ ಇನ್ನೊಬ್ಬಳಿಗೆ ನೋವು ಬಂದರೆ ಒಬ್ಬಳೇ ನರ್ಸು ಎಲ್ಲಿಗೆ ಓಡಬೇಕು? ನಿರೂಪಕರು ಗಡಿಯಾರ ನೋಡಿ, "ಸಿಸ್ಟರ್ ತಮ್ಮ ಕಷ್ಟ ಹಂಚಿಕೊಂಡರು, ಧನ್ಯವಾದ" ಎಂದು ಮೈಕನ್ನು ಪ್ರೊಫೆಸರಿಗೆ ಕೊಟ್ಟರು. ಪ್ರೊಫೆಸರ್ ಇರುವ ಸಿಬ್ಬಂದಿಗೇ ತರಬೇತಿ ಸಾಕು ಎಂದರು. ಶಿಫಾರಸಿನಲ್ಲಿ ಬಂದದ್ದು ತರಬೇತಿ ಮಾತ್ರ.

ಮೂರು ತಿಂಗಳಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಪಾಳಿಯಲ್ಲಿ ಸಿಸ್ಟರ್ ಒಬ್ಬರೇ. ಗೋವಿನಕೋವಿ ಊರಿನ ಚೌಡೇಶ್ವರಿ ಹೆತ್ತು ಅರ್ಧ ತಾಸಾಗಿತ್ತು, ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳ ಮಗುವಿನ ತಲೆ ಕಾಣುತ್ತಿತ್ತು. ಆ ಮಗುವನ್ನು ಕೈಗೆ ತೆಗೆದುಕೊಂಡು, ತಾಯಿಯನ್ನು ನೋಡಿ ಬರುವಷ್ಟರಲ್ಲಿ ಚೌಡೇಶ್ವರಿಯ ಹಾಸಿಗೆ ನೆನೆದುಹೋಗಿತ್ತು. ಇಂಜೆಕ್ಷನ್ ಕೊಟ್ಟರು, ಹೊಟ್ಟೆ ತಿಕ್ಕಿದರು, ಡಾಕ್ಟರನ್ನು ಕರೆಸಿದರು. ದಾವಣಗೆರೆ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಆಕೆ ತೀರಿಕೊಂಡಳು.

ಸಾವಿನ ವಿಚಾರಣೆಗೆ, ಆ ಪಾಳಿಯಲ್ಲಿ ನಾನಿಲ್ಲದಿದ್ದರೂ, ನಮ್ಮಿಬ್ಬರನ್ನೂ ಕರೆದರು. "ನಿಮಗೆ ಎಷ್ಟು ಅನುಭವ?" ಎಂದು ಅಧಿಕಾರಿ ಸಿಸ್ಟರನ್ನು ಕೇಳಿದರು.

ಸಿಸ್ಟರ್ ಮೊದಲ ಸಲ ಎಲ್ಲವನ್ನೂ ಹೇಳಿದರು. "ಮೂವತ್ತೊಂದು ವರ್ಷ ಸರ್. ನಾಲ್ಕು ಸಾವಿರದ ಮೇಲೆ ಹೆರಿಗೆ. ಒಬ್ಬ ತಾಯೀನೂ ಸತ್ತಿರಲಿಲ್ಲ. ಇಬ್ರು ನರ್ಸು ಇದ್ದಿದ್ರೆ ಈಕೀನೂ ಉಳೀತಿದ್ಳು."

ಅಧಿಕಾರಿ ತಲೆಯೆತ್ತಿ ನೋಡಿದರು. "ಇಷ್ಟು ಅನುಭವ ಇದ್ದೂ ಹೀಗಾಯ್ತಾ?" ಎಂದವರು ವರದಿಯಲ್ಲಿ 'ಹಿರಿಯ ನರ್ಸಿನ ನಿರ್ಲಕ್ಷ್ಯ' ಎಂದು ಬರೆದುಕೊಂಡರು.