ಎರವಲು ಸರ ತೊಳೆದದ್ದು

ನನ್ನ ಮದುವೆಯ ದಿನ ಕುತ್ತಿಗೆಯಲ್ಲಿದ್ದ ಅವಲಕ್ಕಿ ಸರ ನಮ್ಮದಲ್ಲ. ನಮ್ಮ ಊರು ತೋಡಾರಿನಲ್ಲಿ ಆಗ ಅದೇನೂ ಗುಟ್ಟಿನ ಸಂಗತಿಯಾಗಿರಲಿಲ್ಲ. ಇದ್ದವರ ಮನೆಯಿಂದ ಇಲ್ಲದವರ ಮನೆಗೆ ಬಂಗಾರ ಹೋಗುತ್ತಿತ್ತು, ಮದುವೆ ಮುಗಿದ ಮೇಲೆ ವೀಳ್ಯದೆಲೆ, ಬೆಲ್ಲದ ಜೊತೆ ಹಿಂದಕ್ಕೆ ಬರುತ್ತಿತ್ತು. ಕೊಡುವಾಗ ಯಾರೂ ತೂಗುತ್ತಿರಲಿಲ್ಲ. ತೂಗುವುದೆಂದರೆ ಎದುರಿಗಿದ್ದವರ ಮುಖಕ್ಕೇ 'ನೀನು ಕಳ್ಳಿ' ಎಂದ ಹಾಗೆ. ಅಂಥ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ನಾನು ಈಗ ಹೇಳಬಹುದು. ಆಗ ನಾನೂ ಅದನ್ನು ದೊಡ್ಡ ಗುಣವೆಂದೇ ತಿಳಿದಿದ್ದೆ.

ಸರ ಕೊಟ್ಟವರು ಗದ್ದೆಯಾಚೆಯ ದೊಡ್ಡ ಮನೆಯ ಯಜಮಾನಿ. ದೂರದ ನೆಂಟರು. ಅಮ್ಮ ಅವರನ್ನು ಅಕ್ಕ ಎನ್ನುತ್ತಿದ್ದಳು, ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅದು ಅವರ ತಾಯಿಯ ಕಾಲದ ಸರ. ಅವಲಕ್ಕಿಯಷ್ಟೇ ಚಪ್ಪಟೆಯ ಬಿಲ್ಲೆಗಳು, ಒಂದೊಂದರ ಮೇಲೂ ಉಳಿಯಿಂದ ಕೊರೆದ ಸಣ್ಣ ಗೀರುಗಳು.

ಮದುವೆ ಕಳೆದು ನಾನು ತವರಿಗೆ ಬಂದಿದ್ದಾಗ ಸರ ಇನ್ನೂ ನಮ್ಮಲ್ಲೇ ಇತ್ತು. ಬೆವರು, ಅರಸಿನ, ಹೂವಿನ ರಸ ಎಲ್ಲ ಆ ಗೀರುಗಳಲ್ಲಿ ಕೂತು ಮಂಕಾಗಿತ್ತು. "ಹೀಗೇ ಕೊಟ್ಟರೆ ಅವರೇನು ಎಣಿಸಿಯಾರು" ಎಂದು ಅಮ್ಮನಿಗೆ ಒಂದೇ ಚಿಂತೆ. ಎರವಲು ತಂದ ಚೆಂಬನ್ನೂ ಹುಳಿ ಹಾಕಿ ಬೆಳಗಿಯೇ ಕೊಡುವವಳು ಅವಳು. ಮೂಡಬಿದಿರೆಯ ಪೇಟೆಯಲ್ಲಿ ಗುರುತಿನ ಆಚಾರಿ ಇದ್ದರು. ದೊಡ್ಡಮ್ಮನ ಮನೆಯ ಬಂಗಾರದ ಕೆಲಸವೆಲ್ಲ ಅವರದೇ. ಅವರಲ್ಲಿಗೆ ಹೋಗುವ ಎಂದರೆ ಅಮ್ಮ ಗಾದೆ ತೆಗೆದಳು: "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ. ಬೇರೆಯವರ ಸೊತ್ತು, ಅಲ್ಲಿ ಬಿಟ್ಟು ಬರ್ಲಿಕ್ಕೆ ನನಗೆ ಧೈರ್ಯ ಇಲ್ಲ."

ಆ ವಾರವೇ ಊರೂರು ತಿರುಗುವ ಪಾಲಿಶಿನವನೊಬ್ಬ ಬಂದ. ಘಟ್ಟದ ಮೇಲಿನ ಕನ್ನಡ, ಹೆಗಲಲ್ಲಿ ಚೀಲ, ಬಾಯಿ ತುಂಬ ಅಮ್ಮಾ ಅಮ್ಮಾ. ಮೊದಲು ನಮ್ಮ ಹಿತ್ತಾಳೆ ದೀಪವನ್ನು ಯಾವುದೋ ಪುಡಿ ಹಾಕಿ ತಿಕ್ಕಿ ಫಳಫಳ ಮಾಡಿದ, ಅದಕ್ಕೆ ಕಾಸು ಬೇಡವೆಂದ. "ಬಂಗಾರವನ್ನೂ ನಿಮ್ಮ ಕಣ್ಣೆದುರೇ ತೊಳೆದು ಕೊಡ್ತೀನಿ, ಎಲ್ಲಿಗೂ ತಗೊಂಡು ಹೋಗೋದಿಲ್ಲ" ಎಂದ. ಅಮ್ಮ ಸೋತದ್ದು ಆ ಮಾತಿಗೆ. ಕಣ್ಣೆದುರೇ ಆಗುವುದರಲ್ಲಿ ಮೋಸವೆಲ್ಲಿ?

ನಾವಿಬ್ಬರೂ ಜಗಲಿಯಲ್ಲಿ ಕಣ್ಣು ಮಿಟುಕಿಸದೆ ಕೂತೆವು. ಅವನು ಪಿಂಗಾಣಿ ಬಟ್ಟಲಿಗೆ ಸೀಸೆಯಿಂದ ಹಳದಿ ನೀರು ಸುರಿದು ಸರವನ್ನು ಇಳಿಬಿಟ್ಟ. ಗುಳುಗುಳು ಗುಳ್ಳೆ ಎದ್ದಿತು, ಮೂಗಿಗೆ ಖಾರವಾದ ಹೊಗೆ ಬಡಿದು ಇಬ್ಬರಿಗೂ ಕೆಮ್ಮು ಬಂತು. "ಕೊಳೆ ಬಿಡ್ತಾ ಇದೆ" ಎಂದ. ಕುಡಿಯಲು ನೀರು ಬೇಕೆಂದ, ಅರಸಿನ ಬೇಕೆಂದ. ಎದ್ದು ಹೋಗಿ ತಂದೆವು. ಸರ ಹೊರಗೆ ಬಂದಾಗ ಬೂದಿ ಬಳಿದ ಹಾಗಿತ್ತು. ಅಂಟುವಾಳದ ನೊರೆಯಲ್ಲಿ ಬ್ರಶ್ಶಿನಿಂದ ಉಜ್ಜಿ, ಅರಸಿನ ಸವರಿ, ಬಟ್ಟೆಯಲ್ಲಿ ಒರೆಸಿದ ಮೇಲೆ ಹೊಸದರ ಹಾಗೆ ಹೊಳೆಯಿತು. ಅಮ್ಮನ ಮುಖವೂ ಹೊಳೆಯಿತು. ಅವನು ಬಟ್ಟಲಿನ ನೀರನ್ನು ಜತನವಾಗಿ ಸೀಸೆಗೆ ವಾಪಸು ಸುರಿದು, ಬಿರಡೆ ಹಾಕಿ, ಕೂಲಿ ತೆಗೆದುಕೊಂಡು ಹೋದ. ಅದನ್ನೂ ನಾವು ನೋಡಿದೆವು.

ಮರುದಿನ ಸರ, ಎಲೆ, ಬೆಲ್ಲ ಹಿಡಿದು ಗದ್ದೆಯಾಚೆ ಹೋದೆವು. ದೊಡ್ಡಮ್ಮ ಸರವನ್ನು ಕೈಗೆ ತೆಗೆದುಕೊಂಡು ಒಂದು ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಇನ್ನೊಂದರ ಮೇಲೆ.

"ಎಲ್ಲಿ ತೊಳೆಸಿದೆ?"

ಅಮ್ಮ ಹೆಮ್ಮೆಯಿಂದ ಎಲ್ಲ ಹೇಳಿದಳು. ಕಣ್ಣೆದುರೇ ಮಾಡಿಸಿದ್ದು ಎಂಬುದನ್ನು ಎರಡು ಸಲ ಹೇಳಿದಳು.

"ಆ ನೀರು ಎಲ್ಲಿ ಚೆಲ್ಲಿದ?"

ಅಮ್ಮ ನನ್ನ ಮುಖ ನೋಡಿದಳು. "ಚೆಲ್ಲಲಿಲ್ಲ ದೊಡ್ಡಮ್ಮ, ಸೀಸೆಗೇ ಹಾಕಿಕೊಂಡ" ಎಂದೆ. ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಕೊಳೆನೀರನ್ನು ಯಾವ ಮಗ ಬಿರಡೆ ಹಾಕಿ ಹೊತ್ತುಕೊಂಡು ಹೋಗುತ್ತಾನೆ?

ದೊಡ್ಡಮ್ಮ ಬೈಯಲಿಲ್ಲ. "ಆಚಾರಿಯಲ್ಲಿಗೆ ಹೋಗುವ" ಎಂದಷ್ಟೇ ಹೇಳಿದರು. ಪೇಟೆಯಲ್ಲಿ ಆಚಾರಿ ಸರವನ್ನು ತಕ್ಕಡಿಗೆ ಹಾಕಿ, ತೂಕದ ಬಟ್ಟು ಒಂದೊಂದಾಗಿ ತೆಗೆದು, ಕೊನೆಗೆ ಗುಲಗಂಜಿ ಕಾಳಿನ ತೂಕಕ್ಕೆ ಇಳಿದರು. ಹಿಂದೆ ತಾವೇ ತೂಗಿ ಬರೆದಿಟ್ಟ ಲೆಕ್ಕಕ್ಕಿಂತ ಮುಕ್ಕಾಲು ಪವನು, ಅಂದರೆ ಆರು ಗ್ರಾಮಿನಷ್ಟು, ಕಡಿಮೆ ಬಂತು. ಬಂಗಾರವನ್ನೇ ಕರಗಿಸುವ ಆಸಿಡ್ ಅದು, ಕರಗಿದ್ದೆಲ್ಲ ನೀರಿನಲ್ಲೇ ಇರುತ್ತದೆ, ಆಮೇಲೆ ಅವನು ಆ ಬಂಗಾರವನ್ನು ನೀರಿನಿಂದ ಬೇರೆ ಮಾಡಿಕೊಳ್ಳುತ್ತಾನೆ ಎಂದರು. ಗೀರುಗಳು ಸವೆದದ್ದನ್ನು, ಬಿಲ್ಲೆಯ ಅಂಚು ಕಾಗದದಷ್ಟು ತೆಳುವಾದದ್ದನ್ನು ತೋರಿಸಿದರು. "ಇಲ್ಲಿಗೆ ತರಬಹುದಿತ್ತಲ್ಲ ಅಮ್ಮ" ಎಂದು ಮೆಲ್ಲಗೆ ಕೇಳಿದರು. ಗಾದೆ ಹೇಳಿದ ಅಮ್ಮ ನೆಲ ನೋಡುತ್ತಿದ್ದಳು. ನನಗಂತೂ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತ್ತು.

ಅಮ್ಮ ಅಲ್ಲೇ ಕಿವಿಯ ಬೆಂಡೋಲೆಗೆ ಕೈ ಹಾಕಿದಳು. ಅವಳ ಮೈಮೇಲೆ ಇದ್ದ ಬಂಗಾರವೇ ಅಷ್ಟು. ದೊಡ್ಡಮ್ಮ ಆ ಕೈ ಹಿಡಿದರು. "ಮುತ್ತೈದೆಯ ಕಿವಿ ಬೋಳು ಮಾಡಿಸಿದ ಪಾಪ ನನಗೆ ಬೇಡ. ನೀನು ಕದ್ದದ್ದಲ್ಲ, ನನಗೆ ಗೊತ್ತುಂಟು."

ಗೊತ್ತುಂಟು ಎಂದರೂ ನಾಚಿಕೆ ಹೋಗುತ್ತದೆಯೇ? ಅಮ್ಮ ದೊಡ್ಡಮ್ಮನ ಅಂಗಳ ತುಳಿಯುವುದನ್ನೇ ಬಿಟ್ಟಳು. ಪೇಟೆಗೆ ಹೋಗಲು ಸುತ್ತುದಾರಿ ಹಿಡಿದಳು. ದೊಡ್ಡಮ್ಮನ ಮನೆಯವರು ಎದುರಾದಾರೆಂದು ಮದುವೆ ಮನೆಗಳಲ್ಲಿ ಅಡುಗೆಯ ಕಡೆಯೇ ಇರುತ್ತಿದ್ದಳು. ನಾನು ಗಂಡನ ಮನೆಯಲ್ಲಿ ಮದುವೆಯ ಫೋಟೋವನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಅದರಲ್ಲಿ ಆ ಸರ ನನ್ನ ಕುತ್ತಿಗೆಯಲ್ಲಿ ಸವೆಯದೆ ಪೂರ್ತಿಯಾಗಿತ್ತು, ನೋಡಿದರೆ ಅದೇ ಕಾಣುತ್ತಿತ್ತು.

ಕೆಲವು ವರ್ಷ ಕಳೆದು ತಂಗಿಯ ಮದುವೆ ನಿಶ್ಚಯವಾಯಿತು. ಕೊರಳಿಗೆ ಏನೂ ಇರಲಿಲ್ಲ. ಕೇಳುವ ಮುಖ ಅಮ್ಮನಿಗಿರಲಿಲ್ಲ. ಹೂವಿನ ಮಾಲೆಯಲ್ಲೇ ಕಳಿಸುವ ಎಂದು ತೀರ್ಮಾನಿಸಿದ್ದಳು. ಆಗ ಒಂದು ಬೆಳಿಗ್ಗೆ ದೊಡ್ಡಮ್ಮ ತಾವೇ ಗದ್ದೆ ದಾಟಿ ಬಂದರು. ಒಂದು ಕೈಯಲ್ಲಿ ಸರದ ಗಂಟು, ಇನ್ನೊಂದರಲ್ಲಿ ಆಚಾರಿಯಲ್ಲಿ ಕೇಳಿ ತಂದ ತಕ್ಕಡಿ. ಜಗಲಿಯಲ್ಲಿ ಕೂತು ತಕ್ಕಡಿ ಎತ್ತಿ, "ಬಾ, ನೀನೂ ನೋಡು" ಎಂದು ಅಮ್ಮನನ್ನು ಕರೆದರು. ಅಮ್ಮನ ಮುಖ ಕಪ್ಪಿಟ್ಟಿತು. ಆದರೂ ಬಂದು ನೋಡಿದಳು, ಸರ ತೆಗೆದುಕೊಂಡಳು.

ಮದುವೆ ಮುಗಿದ ಮೇಲೆ ಅಮ್ಮ ಬೇರೆ ಯಾರ ಕೈಗೂ ಕೊಡಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳ ಕಿವುಚಿ, ಸರ ನೆನೆಸಿ, ಮೆತ್ತಗಿನ ಬ್ರಶ್ಶಿನಿಂದ ತಾನೇ ತೊಳೆದಳು. ಆ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆಯೇ ಚೆಲ್ಲಿದಳು. ಅವತ್ತು ಸುತ್ತುದಾರಿ ಬಿಟ್ಟು ನೇರ ಗದ್ದೆಯ ನಡುವಿನ ಹುಣಿಯ ಮೇಲೆಯೇ ನಡೆದಳು. ನಾನೂ ಜೊತೆಗಿದ್ದೆ.

"ಮೊದಲು ತೂಗಿ ಅಕ್ಕ" ಎಂದಳು.

ತಕ್ಕಡಿ ನೆಟ್ಟಗೆ ನಿಂತಿತು. "ಸರಿ ಉಂಟು" ಎಂದರು ದೊಡ್ಡಮ್ಮ. ಅಮ್ಮ ಅಳಲು ಶುರುಮಾಡಿದಳು. ಅಳುತ್ತಲೇ ಕೇಳಿದಳು: "ಆ ಸಲವೂ ಹೀಗೆ ತೂಗಿ ಕೊಡಬಾರದಿತ್ತಾ ಅಕ್ಕ? ತಿರುಗಿ ತೂಗುವುದುಂಟು ಅಂತ ಗೊತ್ತಿದ್ದರೆ ಆಚಾರಿ ಕದಿಯುವ ಹೆದರಿಕೆ ಇರ್ತಿರಲಿಲ್ಲ, ನಾನು ಸೀದಾ ಅಲ್ಲಿಗೇ ಹೋಗ್ತಿದ್ದೆ."

ದೊಡ್ಡಮ್ಮ ತಕ್ಕಡಿಯ ದಾರಗಳನ್ನು ಸುತ್ತಿಟ್ಟರು.

"ಆ ಸಲ ತೂಗಿದ್ದರೆ ನೀನು ತೆಗೆದುಕೊಳ್ತಿದ್ದೆಯಾ?"

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಲ್ಲ" ಎಂದಳು.