ಮಲಿಕಸಾಬರ ಬೆರಳು

ಇಂಡಿ ಊರಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನನ್ನದು ಫ್ಯಾನು, ಮಿಕ್ಸರ್ ಮಾರುವ ಅಂಗಡಿ. ಪಕ್ಕದ, ತಗಡು ಹೊದಿಸಿದ ಪತ್ರಾಸಿನ ಶೆಡ್ಡು ಮಲಿಕಸಾಬರದು. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ, ಸವೆದ ಬೇರಿಂಗ್ ಬದಲಿಸಿಕೊಡುವುದು ಅವರ ಕೆಲಸ. ಅವರು ಒಂದು ಕಡೆ ಕೂತದ್ದನ್ನು ಈ ಬೇಸಿಗೆಯವರೆಗೆ ನಾನಂತೂ ಕಂಡಿರಲಿಲ್ಲ. ಚಹಾ ಕುಡಿಯುವಾಗಲೂ ಅಡ್ಡಾಡುತ್ತಲೇ ಇರುತ್ತಾರೆ. ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಛತ್ತು ನೋಡುತ್ತಾರೆ. ಮೇಲೆ ಫ್ಯಾನು ಕಿರ್‌ ಎಂದರೆ ಮಾತು ಅಲ್ಲಿಗೇ ನಿಂತಿತು, ಸ್ಟೂಲ್ ತರಿಸುವವರೆಗೆ ಮನುಷ್ಯನಿಗೆ ಸಮಾಧಾನವಿಲ್ಲ. ಅವರ ಸೊಸೆ ಫಿರದೋಸ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದಳು: "ಬೀಗರ ಮನ್ಯಾಗ ನಿಕಾದ ಮಾತ ನಡದಿತ್ರಿ, ಮಾಮಾ ಅಲ್ಲೂ ಫ್ಯಾನ್ ಬಿಚ್ಚಾಕ ನಿಂತ್ರು."

ಸುತ್ತಲಿನ ಊರವರು ನನ್ನ ಅಂಗಡಿಯಲ್ಲಿ ಫ್ಯಾನು ಆರಿಸುತ್ತಾರೆ, ಆದರೆ ಕೊಳ್ಳುವುದು ಮಲಿಕಸಾಬರನ್ನು ಕೇಳಿಯೇ. ಅವರ ಪರೀಕ್ಷೆ ಸರಳ. ಡಬ್ಬಿ ಬಿಚ್ಚಿಸಿ, ಫ್ಯಾನಿನ ಮೋಟರನ್ನು ರಾಡಿನಿಂದ ಎತ್ತಿ ಹಿಡಿದು, ಒಂದೇ ಬೆರಳಿನಿಂದ ತಿರುವುತ್ತಾರೆ. ಸದ್ದಿಲ್ಲದೆ ಬಹಳ ಹೊತ್ತು ತಿರುಗಿದರೆ ಬೇರಿಂಗ್ ಒಳ್ಳೆಯದು, ತಡವರಿಸಿ ನಿಂತರೆ ಖೊಟ್ಟಿ. ಆ ಬೆರಳು ಬೇಡವೆಂದ ಮಾಲು ನನ್ನ ಅಂಗಡಿಯಲ್ಲೇ ಕೊಳೆಯುತ್ತದೆ. ಸಿಟ್ಟು ಬರುತ್ತಿತ್ತು, ಆದರೆ ಅವರ ಬೆರಳು ತಪ್ಪಿದ್ದನ್ನು ನಾನು ಕಂಡಿರಲಿಲ್ಲವಾದ್ದರಿಂದ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಈ ಬೇಸಿಗೆಯಲ್ಲಿ ಜಯಮಾಲಾ ಬಂದಳು. ಮಾರ್ಕೆಟ್ಟಿನ ಹಿಂದೆ ಅವಳ ಹೊಲಿಗೆ ಕೋಣೆ. ಅಗರಖೇಡದಿಂದ, ಝಳಕಿಯಿಂದ ಬಸ್ಸಿಗೆ ಬರುವ ಹೆಣ್ಣುಮಕ್ಕಳು ಅಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಮಶಿನ್ನುಗಳು ಕಾಲಲ್ಲಿ ತುಳಿಯುವಂಥವು, ಅವಕ್ಕೆ ಕರೆಂಟು ಬೇಡ. ಆದರೆ ಕರೆಂಟು ಹೋಗಿ, ಇನ್ವರ್ಟರಿನ ಬ್ಯಾಟರಿಯೂ ಮುಗಿದರೆ ಆ ಕೋಣೆಯ ಕಾದ ಪತ್ರಾಸಿನ ಕೆಳಗೆ ಯಾರು ಕೂತಾರು? ಬಿಳಿ ಬಟ್ಟೆಯ ಮೇಲೆ ಬೆವರು ಬೀಳುತ್ತದೆ, ಸೂಜಿ ಜಾರುತ್ತದೆ. ಹುಡುಗಿಯರು ಮಧ್ಯಾಹ್ನವೇ ಎದ್ದು ಹೋಗತೊಡಗಿದ್ದರು.

"ಶಾಲಿ ಚಾಲೂ ಆಗೂದ್ರಾಗ ಅಂಗಿ ಕೊಡಬೇಕೋ ಅನೀಲ," ಅಂದಳು ಜಯಮಾಲಾ. "ಕೊಡಲಿಲ್ಲಂದ್ರ ಮುಂದಿನ ವರ್ಷ ಈ ಕೆಲಸ ಸಿಂದಗಿ ಊರವರ ಪಾಲು. ನನ್ನ ಹುಡಿಗ್ಯಾರೆಲ್ಲ ಮನಿ ಸೇರ್ತಾರ. ಈಗಿರೂ ಬ್ಯಾಟರಿ ಮ್ಯಾಗ ಸಂಜೀತನಕ ಗಾಳಿ ಬೀಸೂ ಫ್ಯಾನ್ ಕೊಡು."

ನಾನು ಬಿಎಲ್‌ಡಿಸಿ ಎಂಬ ಹೊಸ ನಮೂನೆಯ ಫ್ಯಾನು ತೋರಿಸಿದೆ. ಹಳೆಯ ನಮೂನೆಯದು ಎಪ್ಪತ್ತೈದು ವ್ಯಾಟ್ ತಿಂದರೆ ಇದು ಮೂವತ್ತರೊಳಗೆ. ಡಬ್ಬಿಯ ಮೇಲೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ತಳ್ಳುತ್ತದೆಂದು ಬರೆದಿರುತ್ತದೆ, ಅದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮ ಗಿರಾಕಿಗಳಿಗೆ ಗುಂಯ್ ಅಂದರೆ ಮಾತ್ರ ಗಾಳಿ. ಸದ್ದು ಮಾಡುವ ಅಗ್ಗದ ಫ್ಯಾನು ಎಷ್ಟೋ ಸಲ ಜೋರಾಗಿ ತಿರುಗಿ ಕಡಿಮೆ ಗಾಳಿ ಕೊಡುತ್ತದೆ. ಇದನ್ನೆಲ್ಲ ಗಂಟಲು ಒಣಗುವಷ್ಟು ಹೇಳಿದೆ. ಜಯಮಾಲಾ ಒಪ್ಪಿದಳು. ಆಮೇಲೆ, ನಾನು ಹೆದರಿದ್ದಂತೆಯೇ, "ಒಮ್ಮಿ ಚಾಚಾನ್ನ ಕೇಳೂಣು," ಅಂದಳು.

ಮಲಿಕಸಾಬರು ಬಂದರು, ರಾಡು ಹಿಡಿದರು, ಬೆರಳಿನಿಂದ ತಿರುವಿದರು. ಮೋಟರು ಕಟಕಟ ತಡೆಯುತ್ತ ಅರ್ಧ ಸುತ್ತು ಹೋಗಿ ನಿಂತುಬಿಟ್ಟಿತು. ಮತ್ತೊಮ್ಮೆ ತಿರುವಿದರು. ಮತ್ತೆ ಅದೇ.

"ಬೇರಿಂಗ್ ಹೊಸದಿದ್ದಾಗ್ಲೇ ಸತ್ತೈತಿ," ಅಂದರು. "ತಗೊಂಡ್ ಕೆಡಬ್ಯಾಡ್ರಿ ಅಕ್ಕಾರ."

"ಅದು ಬೇರಿಂಗ್ ಅಲ್ರಿ ಚಾಚಾ, ಒಳಗ ಮ್ಯಾಗ್ನೆಟ್ ಐತಿ, ಅದು ಹಿಡೀತೈತಿ!" ಎಂದೆ ನಾನು.

"ನನ್ನ ಬಳ್ಳಿಗೆ ನೀ ಶಾಣ್ಯಾತನ ಕಲಸ್ತಿ ಏನೋ?" ಎಂದು ಅವರು ಆ ಬೆರಳನ್ನೇ ನನ್ನ ಮುಖಕ್ಕೆ ಹಿಡಿದರು.

ಜಯಮಾಲಾ ಬರಿಗೈಲಿ ಹೋದಳು. ಮರುದಿನದ ಹೊತ್ತಿಗೆ ಇಡೀ ಬಜಾರಿಗೆ ಸುದ್ದಿ ಮುಟ್ಟಿತ್ತು. ನಾನು ಎಷ್ಟು ಉರಿದೆನೆಂದರೆ, ಪಕ್ಕದ ಶೆಡ್ಡಿನ ಕಡೆ ಮುಖ ಹಾಕಲಿಲ್ಲ.

ಆದರೆ ಮಲಿಕಸಾಬರಿಗೂ ಚೈನಿರಲಿಲ್ಲ. ನನ್ನ ಬಾಗಿಲ ಮುಂದೆ ಹೋಗುವುದು, ಬರುವುದು, ಒಳಗೆ ಇಣುಕುವುದು. ಕೊನೆಗೊಂದು ಬೆಳಿಗ್ಗೆ ಒಳಗೇ ಬಂದರು. "ಆ ಫ್ಯಾನ್ ಕೊಡು. ಬಿಚ್ಚಿ ನೋಡ್ಬೇಕು."

"ಬಿಚ್ಚಿದ್ರ ಗ್ಯಾರಂಟಿ ಹೋತು, ಚಾಚಾ."

"ಹೋಗ್ಲಿ. ನನಗ ನಿದ್ದಿ ಹೋಗೇತಿ."

ಸಿಟ್ಟಿದ್ದರೂ ಹಿಂದೆಯೇ ಹೋದೆ. ಸ್ಕ್ರೂ ತೆಗೆದು ಮೇಲಿನ ಮುಚ್ಚಳ ಎತ್ತಿದರು. ತಿರುಗುವ ಹೊರಗಿನ ಚಿಪ್ಪಿನಿಂದ ನಡುವಿನ ತಂತಿಯ ಗಡ್ಡೆ ಸಲೀಸಾಗಿ ಬರಲಿಲ್ಲ, ಏನೋ ಒಳಗಿಂದ ಜಗ್ಗುತ್ತಿತ್ತು. ಕಿತ್ತು ತೆಗೆದಾಗ ಚಿಪ್ಪಿನ ಒಳಸುತ್ತಿನಲ್ಲಿ ಆಯಸ್ಕಾಂತದ ಪಟ್ಟಿ ಕಂಡಿತು. ಮಲಿಕಸಾಬರು ಬೇರಿಂಗ್ ಹೊರಗೆ ತೆಗೆದು ಬೆರಳಿಗೆ ಸಿಕ್ಕಿಸಿ ಹೊರಳಿಸಿದರು. ಮರಳಿನ ಕಣದಷ್ಟೂ ತೊಡಕಿಲ್ಲದೆ ನುಣ್ಣಗೆ ಹೊರಳಿತು. ಅಲ್ಲಾಡಿಸಿದರು, ಎಳ್ಳಷ್ಟೂ ಸಡಿಲವಿಲ್ಲ. ಆಮೇಲೆ ಗಡ್ಡೆಯನ್ನು ಚಿಪ್ಪಿನ ಹತ್ತಿರ ತಂದರು. ಟಪ್ ಎಂದು ಕೈಯಿಂದ ಕಸಿದುಕೊಂಡಂತೆ ಒಳಗೆ ಕೂತಿತು.

ನಾನು ಹೇಳಿದ್ದು ಖರೆಯಾಗಿತ್ತು. ಖುಷಿಯಾಗಬೇಕಿತ್ತು, ಅವರ ಮುಖ ನೋಡಿ ಆಗಲಿಲ್ಲ.

"ಆ ಹಸರ ತಗಡ ಯಾತರದು?" ಎಂದು, ಒಳಗೆ ಕೂರಿಸಿದ್ದ ಹಸಿರು ಸರ್ಕ್ಯೂಟಿನ ಹಲಗೆಗೆ ಬೆರಳು ತೋರಿಸಿ ಕೇಳಿದರು.

"ಬೋರ್ಡು. ಮೋಟರ್ ನಡಸೂದ ಅದ."

"ಅದು ಸುಟ್ರ?"

"ಹೊಸಾದು ಹಾಕೂದು, ಚಾಚಾ."

ಅವರು ಎಲ್ಲವನ್ನೂ ತಿರುಗಿ ಜೋಡಿಸಿದರು. ಆಮೇಲೆ ಫ್ಯಾನನ್ನು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಲೂ ಮರೆತು, ಜಯಮಾಲಾಳ ಕೋಣೆಗೆ ದಾಪುಗಾಲು ಹಾಕಿದರು. ನಾನು ಹಿಂದಿನಿಂದ ಓಡಿದೆ.

ಮಶಿನ್ನುಗಳ ಸದ್ದಿನ ನಡುವೆ ನಿಂತು ಗಟ್ಟಿಯಾಗಿ ಹೇಳಿದರು: "ಅಕ್ಕಾರ, ನಾ ತಪ್ಪ ಹೇಳಿದ್ದೆ. ಬೇರಿಂಗ್ ಚಲೋ ಐತಿ. ನನ್ನ ಬಳ್ಳಿಗೆ ಈ ಮೋಟರ್ ತಿಳೀಲಿಲ್ಲ."

ಹುಡುಗಿಯರ ಕಾಲುಗಳು ನಿಂತವು. ಅಷ್ಟು ಮಂದಿಯ ಮುಂದೆ ಅವರು ಹಾಗೆ ಅಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಜಯಮಾಲಾ ಮಾತ್ರ ಬಾಯಿಮಾತಿಗೆ ಬಗ್ಗುವವಳಲ್ಲ. "ಹಚ್ಚಿ ತೋರಸ್ರಿ," ಅಂದಳು. ಹಳೆಯ ಫ್ಯಾನಿನ ಪಕ್ಕದ ಕೊಂಡಿಗೆ ಹೊಸದನ್ನು ತೂಗುಹಾಕಿದೆವು. ಇಂಥ ಫ್ಯಾನಿಗೆ ಹಳೆಯ ರೆಗ್ಯುಲೇಟರ್ ಆಗಿಬರುವುದಿಲ್ಲ, ಅದನ್ನು ಬಿಡಿಸಿ ನೇರ ಲೈನು ಕೊಟ್ಟೆ, ವೇಗಕ್ಕೆ ಇದರದೇ ರಿಮೋಟು ಇತ್ತು. ಹುಡುಗಿಯರು ಅಂಚಿನ ಚಿಂದಿಗಳನ್ನು ಮೂಲೆಯ ಮಶಿನ್ನುಗಳಿಗೆ ಕಟ್ಟಿದರು. ಹಳೆಯದನ್ನು ಹಚ್ಚಿದಾಗ ಹಾರಿದಷ್ಟೇ ಚಿಂದಿ ಹೊಸದಕ್ಕೂ ಹಾರಿತು. ನಾನು ಅಂಗಡಿಯಿಂದ ತರಿಸಿದ ವ್ಯಾಟ್ ಮೀಟರಿನಲ್ಲಿ ಮಾತ್ರ ಅಂಕಿ ಅರ್ಧಕ್ಕಿಂತ ಕೆಳಗೆ. ವೇಗ ಇಳಿಸಿದರೆ ಹಳೆಯದು ಗುಂಯ್ ಎನ್ನುತ್ತಿತ್ತು, ಹೊಸದು ಸುಮ್ಮನಿತ್ತು.

"ಅಂದ್ರ ಅದ ಬ್ಯಾಟರಿ ಎರಡಪಟ್ಟು ಹೊತ್ತು ಬರ್ತೈತಿ," ಅಂದಳು ಜಯಮಾಲಾ. "ಎಲ್ಲಾವೂ ಇವ ಹಾಕ್ರಿ. ಚಾಚಾ, ಮುಂದ ಕೆಟ್ರ ನೀವ ಬರಬೇಕು ಮತ್ತ."

"ಬೇರಿಂಗ್ ನಾ ಹಾಕಿಕೊಡ್ತೇನಿ," ಅಂದರು ಮಲಿಕಸಾಬರು. ಸ್ಟೂಲನ್ನು ಮುಂದಿನ ಫ್ಯಾನಿನ ಕೆಳಗೆ ಎಳೆಯುತ್ತ, "ಬೋರ್ಡ್ ಕೆಟ್ರ ನನ್ನ ಕರಿಬ್ಯಾಡ್ರಿ. ನನಗ ಬರೂದಿಲ್ಲ," ಅಂದರು.

ಸಂಜೆಯೊಳಗೆ ಎಲ್ಲ ಫ್ಯಾನುಗಳನ್ನೂ ಅವರೇ ಏರಿಸಿದರು. ಮುಂದಿನ ವಾರ ಕರೆಂಟು ಮಧ್ಯಾಹ್ನವೇ ಹೋಯಿತು, ಹುಡುಗಿಯರು ಕಡೆಯ ಬಸ್ಸಿನ ಹೊತ್ತಿನವರೆಗೆ ಹೊಲಿದರು. ಅಂಗಿಗಳು ವೇಳೆಗೆ ಹೋದವು.

ಅಂಗಿ ಕಳಿಸಿದ ದಿನ ಜಯಮಾಲಾ ನಮ್ಮಿಬ್ಬರನ್ನೂ ಚಹಕ್ಕೆ ಕರೆದಿದ್ದಳು. ಮಶಿನ್ನುಗಳು ನಿಂತಿದ್ದವು. ಮಲಿಕಸಾಬರು ವಾಡಿಕೆಯಂತೆ ತಲೆಯೆತ್ತಿ, ಕಿವಿ ಓರೆ ಮಾಡಿ ನಿಂತರು. ಬಹಳ ಹೊತ್ತಾದ ಮೇಲೆ ಕುರ್ಚಿಯ ಮೇಲೆ ಕೂತರು. ಅವರು ಕೂತು ಚಹಾ ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಏನ್ ಕೇಳಸ್ತು, ಚಾಚಾ?"

"ಏನೂ ಇಲ್ಲೋ ಅನೀಲ," ಅಂದರು. "ಕೇಳಾಕ ಏನೂ ಉಳದಿಲ್ಲ."

ಕಪ್ಪು ಅರ್ಧಕ್ಕೇ ಇಟ್ಟು ಎದ್ದರು. ಹೊರಗೆ ಬಿಸಿಲಿನಲ್ಲಿ, ಯಾರ ಮನೆಯ ಫ್ಯಾನಾದರೂ ಕಿರ್‌ ಎನ್ನುತ್ತದೆಯೋ ಎಂದು, ಒಂದೊಂದೇ ಬಾಗಿಲ ಮುಂದೆ ನಿಂತು ನಿಂತು ಹೋದರು.